ಉಡುಪಿ, ಯಾದಗಿರಿ ಮತ್ತು ಮೂರು ಅಂಕಣಗಳು

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361, ಯಾದಗಿರಿಯದು 11,74,271. ತಲೆ ಎಣಿಕೆಯಲ್ಲಿ ಹೆಚ್ಚುಕಡಿಮೆ ಸರಿಸಮ. ಆದರೆ ಸಾಕ್ಷರತೆ, ಲಿಂಗಾನುಪಾತ, ದಶಕದ ಬೆಳವಣಿಗೆ ಎಂಬ ಮೂರು ಅಂಕಣಗಳಲ್ಲಿ ಇವು ಬೇರೆ ಬೇರೆ ರಾಜ್ಯದ ಜಿಲ್ಲೆಗಳಂತೆ ಕಾಣುತ್ತವೆ.

ಸಾಕ್ಷರತೆ ಉಡುಪಿಯಲ್ಲಿ ಶೇ 86.24, ಯಾದಗಿರಿಯಲ್ಲಿ ಶೇ 51.83. ಇದು ನೂರು ಜನರಲ್ಲಿ ಎಷ್ಟು ಮಂದಿ ಎಂಬ ಲೆಕ್ಕವಲ್ಲ, ಏಳು ವರ್ಷ ತುಂಬಿದ ನೂರು ಮಂದಿಯಲ್ಲಿ ಎಷ್ಟು ಎಂಬ ಲೆಕ್ಕ. ಅಕ್ಷರಸ್ಥರ ಸಂಖ್ಯೆಯನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ, ಚಿಕ್ಕ ಮಕ್ಕಳು ಹೆಚ್ಚಿರುವ ಯಾದಗಿರಿ ಇನ್ನಷ್ಟು ಹಿಂದೆ ಬಿದ್ದಂತೆ ತೋರುತ್ತದೆ. ಈ ಅಂಕಿಯಲ್ಲಿ ಶಾಲೆಯ ಮುಖ ಕಾಣದ ಅಜ್ಜ ಅಜ್ಜಿಯರೂ ಸೇರಿರುತ್ತಾರೆ. ಹಾಗಾಗಿ ಅದು ಇಂದಿನ ತರಗತಿಯ ಕಥೆಯಷ್ಟೇ ಅಲ್ಲ, ಐವತ್ತು ಅರವತ್ತು ವರ್ಷಗಳ ಹಿಂದಿನದೂ ಹೌದು.

ಜನ ಹೆಚ್ಚು ಎಡವುವುದು ಲಿಂಗಾನುಪಾತದಲ್ಲಿ. ಸಾವಿರ ಗಂಡಸರಿಗೆ ಉಡುಪಿಯಲ್ಲಿ 1,094 ಹೆಂಗಸರು, ಯಾದಗಿರಿಯಲ್ಲಿ 989, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಇದನ್ನು ಓದಿ ಉಡುಪಿಯಲ್ಲಿ ಹೆಣ್ಣು ಶಿಶುವಿಗೆ ಹೆಚ್ಚು ಆದರ, ಬೆಂಗಳೂರಿನಲ್ಲಿ ಕಡಿಮೆ ಎಂದು ತೀರ್ಮಾನಿಸುವುದು ಅವಸರವಾದೀತು. ಪಕ್ಕದಲ್ಲೇ ಇರುವ ಇನ್ನೊಂದು ಅಂಕಣವನ್ನು, ಅಂದರೆ ಸೊನ್ನೆಯಿಂದ ಆರು ವರ್ಷದ ಮಕ್ಕಳ ಲಿಂಗಾನುಪಾತವನ್ನು ನೋಡಿ: ಉಡುಪಿ 958, ಬೆಂಗಳೂರು 944. ದೊಡ್ಡವರಲ್ಲಿ ಕಂಡ ಅಂತರ ಮಕ್ಕಳಲ್ಲಿ ಬಹುಪಾಲು ಕರಗಿಹೋಗಿದೆ. ಉಡುಪಿಯ ಗಂಡಸರು ಮುಂಬಯಿಗೋ ಕೊಲ್ಲಿ ದೇಶಕ್ಕೋ ದುಡಿಯಲು ಹೋಗಿದ್ದಾರೆ, ಬೆಂಗಳೂರಿಗೆ ಹೊರಗಿನ ಗಂಡಸರು ಬಂದಿದ್ದಾರೆ. ಒಟ್ಟು ಲಿಂಗಾನುಪಾತದಲ್ಲಿ ಈ ಓಡಾಟವೂ ಬೆರೆತಿರುತ್ತದೆ. ಹೆಣ್ಣು ಭ್ರೂಣಹತ್ಯೆಯ ಸುಳಿವು ಹುಡುಕುವವರು ಮಕ್ಕಳ ಅಂಕಣಕ್ಕೇ ಹೋಗಬೇಕು.

ಬೆಳವಣಿಗೆಯ ದರ ನೋಡಲು ಸುಲಭ. ಉಡುಪಿಯಲ್ಲಿ 2001ರಲ್ಲಿ 11,12,243 ಜನರಿದ್ದರು. ಹತ್ತು ವರ್ಷಕ್ಕೆ 65,118 ಹೆಚ್ಚಾದರು, ಅಂದರೆ ಶೇ 5.85. ಯಾದಗಿರಿಯದು ಶೇ 22.81. ಇಲ್ಲೂ ಹುಟ್ಟು, ಸಾವು, ವಲಸೆ ಮೂರೂ ಕೂಡಿಕೊಂಡಿವೆ. ಕಡಿಮೆ ದರ ಕಂಡ ಕೂಡಲೇ ಕುಟುಂಬ ಯೋಜನೆಗೆ ಶಹಬ್ಬಾಸ್ ಹೇಳುವಂತಿಲ್ಲ.

ಗಡಿ ಬದಲಾದರಂತೂ ಲೆಕ್ಕವೇ ತಲೆಕೆಳಗಾಗುತ್ತದೆ. 2001ರ ಹಳೆಯ ಪುಸ್ತಕದಲ್ಲಿ ಗುಲ್ಬರ್ಗ ಜಿಲ್ಲೆಯ ಜನಸಂಖ್ಯೆ 31,30,922, 2011ರಲ್ಲಿ 25,66,326. ನೇರವಾಗಿ ಹೋಲಿಸಿದರೆ ಶೇ 18ರಷ್ಟು ಜನ ಕಾಣೆ! ನಡುವೆ ಆದದ್ದು ಇಷ್ಟೇ: ಯಾದಗಿರಿ ಬೇರೆ ಜಿಲ್ಲೆಯಾಯಿತು. ಅದರ ಪಾಲಿನ 9,56,180 ಜನರನ್ನು 2001ರ ಸಂಖ್ಯೆಯಿಂದ ಕಳೆದರೆ ಉಳಿಯುವುದು 21,74,742. ಅದಕ್ಕೆ ಹೋಲಿಸಿದಾಗ ಗುಲ್ಬರ್ಗ ಬೆಳೆದದ್ದೂ ಶೇ 18ರಷ್ಟೇ.

2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟಿದೆ. ಮುಂದಿನ ಜನಗಣತಿಯ ಕೋಷ್ಟಕ ಕೈಗೆ ಬಂದಾಗ, ಬಳ್ಳಾರಿಯ ಸಾಲನ್ನು 2011ರ ಹಳೆಯ ಪುಸ್ತಕದೊಂದಿಗೆ ನೇರವಾಗಿ ಹೋಲಿಸಬೇಡಿ.