ಸುಕ್ಕಾದ ಹಾಳೆ ಎಸೀಬೇಡಿ, ಪ್ರಿಂಟರ್‌ನ ಕಾಯಿಲೆ ಅದರಲ್ಲೇ ಇದೆ

ಹೋದ ಜುಲೈನಲ್ಲಿ ಸಾಗರದಿಂದ ಒಂದು ಫೋನ್ ಬಂತು. ಅಲ್ಲಿ ಜೆರಾಕ್ಸ್ ಅಂಗಡಿ ನಡೆಸೋ ಪರಿಚಯದ ಅಕ್ಕ. "ಸ್ಕಾಲರ್‌ಶಿಪ್ ಅರ್ಜಿ ಪ್ರಿಂಟ್ ತಗೊಳ್ಳೋಕೆ ಮಕ್ಕಳು ಸಾಲಾಗಿ ನಿಂತಿದಾವೆ ಮಾರಾಯ. ಹತ್ತು ಹಾಳೆ ಹಾಕಿದ್ರೆ ಎರಡು ಒಳಗೇ ಸಿಕ್ಕಿಕೊಳ್ತವೆ, ಮೂರು ಸುಕ್ಕಾಗಿ ಬರ್ತವೆ. ಒಬ್ರು ನೋಡಿ, ಫ್ಯೂಸರ್ ಹೋಗಿದೆ, ಏಳು ಸಾವಿರ ಆಗುತ್ತೆ ಅಂದ್ರು. ಹಾಕಿಸ್ಬಿಡ್ಲಾ?"

ಮೈಕ್ ಮುಂದೆ ಕೂರೋಕೆ ಮೊದಲು ನಾನು ಕೆಲವು ವರ್ಷ ಪ್ರಿಂಟರ್ ರಿಪೇರಿ ಮಾಡ್ತಿದ್ದೆ. ಅದಕ್ಕೇ ಹೇಳಿದೆ: "ಅಕ್ಕ, ಇನ್ನೂ ಏನೂ ಹಾಕಿಸ್ಬೇಡಿ. ಸುಕ್ಕಾದ ಹಾಳೆಗಳನ್ನ ಎಸೀಬೇಡಿ. ನಾನು ಬಂದು ನೋಡ್ತೀನಿ."

ಯಾಕೆ ಹಾಗಂದೆ ಅಂತ ಗೊತ್ತಾಗ್ಬೇಕಾದ್ರೆ, ಲೇಸರ್ ಪ್ರಿಂಟರ್ ಒಳಗೆ ಹಾಳೆ ಹೇಗೆ ಹೋಗುತ್ತೆ ಅಂತ ಒಮ್ಮೆ ನೋಡೋಣ. ಮೊದಲು ಟ್ರೇ ಮೇಲಿರೋ ರಬ್ಬರ್ ರೋಲರ್ ಹಾಳೆಯನ್ನ ಎಳ್ಕೊಳ್ಳುತ್ತೆ. ಅದನ್ನ ಪಿಕಪ್ ರೋಲರ್ ಅಂತಾರೆ. ಅದರ ಎದುರಿಗೆ ಒಂದು ಚಿಕ್ಕ ಪ್ಯಾಡ್ ಇರುತ್ತೆ, ಎರಡು ಹಾಳೆ ಒಟ್ಟಿಗೆ ಹೋಗದ ಹಾಗೆ ತಡೆಯೋದು ಅದರ ಕೆಲಸ. ಆಮೇಲೆ ಹಾಳೆ ಡ್ರಮ್ ಕೆಳಗೆ ಹೋಗುತ್ತೆ, ಅಲ್ಲಿ ಟೋನರ್ ಪುಡಿ ಅಕ್ಷರದ ಆಕಾರದಲ್ಲಿ ಹಾಳೆ ಮೇಲೆ ಕೂರುತ್ತೆ. ಆಗ ಅದು ಬರೀ ಪುಡಿ, ಬೆರಳಲ್ಲಿ ಒರೆಸಿದ್ರೆ ಹೋಗುತ್ತೆ. ಕೊನೆಗೆ ಬರೋದು ಫ್ಯೂಸರ್. ಒಂದು ಕಡೆ ಸುಮಾರು 180ರಿಂದ 200 ಡಿಗ್ರಿ ಬಿಸಿ, ಇನ್ನೊಂದು ಕಡೆ ಒತ್ತೋ ರಬ್ಬರ್ ರೋಲರ್. ಇವೆರಡರ ಮಧ್ಯೆ ಹೋಗುವಾಗ ಪುಡಿ ಕರಗಿ ಹಾಳೆಗೆ ಅಂಟುತ್ತೆ.

ಈಗ ಸುಕ್ಕಿನ ವಿಷಯ. ಸುಕ್ಕು ಕಾಣೋದು ಬಹುತೇಕ ಫ್ಯೂಸರ್‌ನಿಂದ ಹೊರಗೆ ಬಂದ ಮೇಲೆ. ಅದಕ್ಕೇ ಎಲ್ಲರೂ ಫ್ಯೂಸರ್ ಮೇಲೇ ತಪ್ಪು ಹಾಕ್ತಾರೆ. ಆದ್ರೆ ಹಾಳೆ ಓರೆಯಾಗಿ ಬಂದು ಫ್ಯೂಸರ್‌ಗೆ ಸಿಕ್ಕಿದ್ರೂ ಸುಕ್ಕಾಗುತ್ತೆ. ಸೀರೆಯ ಒಂದು ಸೆರಗು ಎಳ್ದು ಇಸ್ತ್ರಿ ಹಾಕಿದ್ರೆ ನೆರಿಗೆ ಕೂರುತ್ತಲ್ಲ, ಹಾಗೆ. ಅಲ್ಲಿ ತಪ್ಪು ಇಸ್ತ್ರಿ ಪೆಟ್ಟಿಗೇದಲ್ಲ, ಬಟ್ಟೆ ಹಾಸಿದ ರೀತೀದು.

ಅಂಗಡಿಗೆ ಹೋದವನು ಮೊದಲು ಹಾಳೆ ಕಟ್ಟು ನೋಡಿದೆ. ಮಲೆನಾಡಿನ ಮಳೆಗಾಲ. ಬಿಡಿಸಿದ ಕಟ್ಟು ಗೋಡೆ ಪಕ್ಕ ನೆಲದ ಮೇಲಿತ್ತು, ಅಂಚು ಅಲೆ ಅಲೆಯಾಗಿತ್ತು. ತೇವ ಹೀರಿದ ಹಾಳೆ ಬಿಸಿಗೆ ಸಿಕ್ಕಿದ ಕೂಡಲೇ ಸುಕ್ಕಾಗುತ್ತೆ, ಆಗ ಯಾವ ಪರೀಕ್ಷೆ ಮಾಡಿದ್ರೂ ದಾರಿ ತಪ್ಪುತ್ತೆ. ಹೊಸ ಕಟ್ಟು ಒಡೆದು ಹಾಕಿದ್ವಿ. ಸುಕ್ಕು ಕಮ್ಮಿ ಆಯ್ತು, ಆದ್ರೆ ನಿಲ್ಲಲಿಲ್ಲ. ಟ್ರೇ ಒಳಗೆ ಹಾಳೆಯ ಎರಡೂ ಬದಿ ಹಿಡಿಯೋ ಗೈಡ್‌ಗಳು ಸಡಿಲ ಇದ್ರೂ ಹಾಳೆ ಓರೆಯಾಗುತ್ತೆ. ಅದನ್ನೂ ನೋಡಿದೆ, ಸರಿಯಾಗೇ ಇತ್ತು.

ಆಮೇಲೆ ಸುಕ್ಕಾದ ಒಂದು ಹಾಳೆ ತಗೊಂಡು ಎರಡು ವಿಷಯ ನೋಡಿದೆ.

ಮೊದಲನೇದು, ಸುಕ್ಕಿನ ಮಡಿಕೆಯನ್ನ ಬೆರಳಲ್ಲಿ ಬಿಡಿಸಿ ನೋಡೋದು. ಮಡಿಕೆ ಒಳಗೆ ಅಕ್ಷರ ತುಂಡಾಗಿ ಬಿಳಿ ಪಟ್ಟಿ ಕಂಡ್ರೆ, ಪುಡಿ ಕೂರೋಕೆ ಮೊದಲೇ ಹಾಳೆ ಮಡಚಿತ್ತು ಅಂತ ಅರ್ಥ. ಫ್ಯೂಸರ್ ಅಲ್ಲಿಗೆ ಬಂದೇ ಇಲ್ಲ, ಅದರ ತಪ್ಪಲ್ಲ. ಅಕ್ಷರ ಪೂರ್ತಿ ಇದ್ರೆ, ಅಕ್ಷರ ಬಿದ್ದ ಮೇಲೆ ಸುಕ್ಕಾಗಿದೆ. ಅಕ್ಕನ ಹಾಳೆಯಲ್ಲಿ ಅಕ್ಷರ ಪೂರ್ತಿ ಇತ್ತು. ಅಂದ್ರೆ ಸುಕ್ಕು ಬಿದ್ದಿದ್ದು ಫ್ಯೂಸರ್‌ನಲ್ಲೇ. ಇಲ್ಲಿಗೇ ನಿಲ್ಲಿಸಿದ್ರೆ ಆ ರಿಪೇರಿಯವರು ಹೇಳಿದ್ದೇ ಸರಿ ಅನ್ಸುತ್ತೆ.

ಎರಡನೇದು, ಸ್ಕೇಲ್ ಇಟ್ಟು ಎಡ ಅಂಚು ಅಳೆಯೋದು. ಮೇಲ್ಗಡೆ ಅಂಚಿನಿಂದ ಅಕ್ಷರಕ್ಕೆ 20 ಮಿಲಿಮೀಟರ್, ಕೆಳಗಡೆ 24. ಹಾಳೆಯ ಅಂಚಿಗೆ ಹೋಲಿಸಿದ್ರೆ ಇಡೀ ಬರಹವೇ ಸೊಟ್ಟ. ಪ್ರಿಂಟರ್ ಅಕ್ಷರವನ್ನ ಯಾವಾಗಲೂ ನೇರವಾಗೇ ಬರೆಯುತ್ತೆ. ಹಾಗಾಗಿ ಅಕ್ಷರ ಬೀಳೋ ಹೊತ್ತಿಗೇ ಹಾಳೆ ಓರೆಯಾಗಿತ್ತು. ಸುಕ್ಕು ಬಿದ್ದ ಜಾಗ ಫ್ಯೂಸರ್, ಆದ್ರೆ ಮೂಲ ಇನ್ನೂ ಹಿಂದೆ ಟ್ರೇ ಹತ್ತಿರ ಇದೆ.

ಖಚಿತ ಮಾಡ್ಕೊಳ್ಳೋಕೆ ಒಂದೊಂದೇ ಹಾಳೆ ಕೊಡೋ ಮುಂದಿನ ಕಿಂಡಿಯಿಂದ ಹಾಳೆ ಹಾಕಿದೆ. ಆ ಮಾಡೆಲ್‌ನಲ್ಲಿ ಆ ದಾರಿ ಟ್ರೇ ರೋಲರ್ ಮುಟ್ಟೋದಿಲ್ಲ. ಹತ್ತು ಹಾಳೆ ಹಾಕಿದೆ, ಹತ್ತೂ ನೇರ, ಒಂದೂ ಸುಕ್ಕಿಲ್ಲ. ಫ್ಯೂಸರ್ ಅದೇ, ಹಾಳೆ ಅದೇ, ಬದಲಾಗಿದ್ದು ರೋಲರ್ ಮಾತ್ರ.

ಪವರ್ ತೆಗೆದು ಟ್ರೇ ರೋಲರ್ ಬಿಚ್ಚಿ ನೋಡಿದ್ರೆ, ಒಂದು ಬದಿ ಗಾಜಿನ ಹಾಗೆ ನುಣುಪು, ಇನ್ನೊಂದು ಬದಿ ಇನ್ನೂ ಒರಟು. ಒರಟು ಬದಿ ಹಾಳೆ ಎಳೆಯುತ್ತೆ, ನುಣುಪು ಬದಿ ಜಾರುತ್ತೆ, ಹಾಳೆ ತಿರುಗುತ್ತೆ. ಎರಡೂ ಕಡೆ ಜಾರಿದ್ರೆ ಹಾಳೆ ತಡವಾಗಿ ಹೊರಡುತ್ತೆ. ಮುಂದಿರೋ ಸೆನ್ಸರ್ ಲೆಕ್ಕದ ಸಮಯದೊಳಗೆ ಹಾಳೆ ಕಾಣದಿದ್ರೆ ಪ್ರಿಂಟರ್ ಜಾಮ್ ಅನ್ನುತ್ತೆ. ಅಕ್ಕನಿಗೆ ಆ ಎರಡು ಹಾಳೆ ಸಿಕ್ಕಿಕೊಳ್ತಿದ್ದದ್ದು ಹೀಗೆ. ಬಾಗಿಲು ತೆಗೆದು ನೋಡಿದ್ರೆ ಹಾಳೆ ಇನ್ನೂ ಟ್ರೇ ಬಾಯಲ್ಲೇ ಇರ್ತಿತ್ತು.

ರೋಲರ್ ಮತ್ತೆ ಪ್ಯಾಡ್ ಎರಡನ್ನೂ ಬದಲಿಸಿದ್ವಿ, ಸಾವಿರ ರೂಪಾಯಿ ಒಳಗೆ ಮುಗೀತು. ಎರಡನ್ನೂ ಒಟ್ಟಿಗೆ ಹಾಕಿದ್ದು ಬೇಕಂತಲೇ. ಸವೆದ ಪ್ಯಾಡ್ ಜೊತೆ ಹೊಸ ರೋಲರ್ ಹಾಕಿದ್ರೆ ಎರಡೆರಡು ಹಾಳೆ ಒಟ್ಟಿಗೆ ಹೋಗೋಕೆ ಶುರುವಾಗುತ್ತೆ. ರೋಲರ್ ಮೇಲೆ ಬರೀ ಧೂಳು ಕೂತಿದ್ರೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿದ್ರೆ ಸಾಕಾಗಬಹುದು. ಕೆಲವರು ಉಪ್ಪು ಕಾಗದದಿಂದ ಉಜ್ತಾರೆ. ಸ್ವಲ್ಪ ದಿನ ಓಡುತ್ತೆ, ಆದ್ರೆ ರಬ್ಬರ್ ಇನ್ನೂ ತೆಳುವಾಗುತ್ತೆ.

ಹಾಗಂತ ಫ್ಯೂಸರ್ ಯಾವಾಗಲೂ ನಿರಪರಾಧಿ ಅಲ್ಲ. ಅಕ್ಷರ ಹಾಳೆಗೆ ನೇರವಾಗಿದ್ದು, ಹೊಸ ಹಾಳೆ ಹಾಕಿದ್ರೂ, ಯಾವ ದಾರಿಯಿಂದ ಕೊಟ್ರೂ ಸುಕ್ಕಾದ್ರೆ ಅನುಮಾನ ಅದರ ಮೇಲೆ. ತುಂಬಾ ಮಾಡೆಲ್‌ಗಳಲ್ಲಿ ಒತ್ತೋ ರೋಲರ್ ಮಧ್ಯಕ್ಕಿಂತ ಎರಡು ತುದಿಯಲ್ಲಿ ಕೂದಲೆಳೆಯಷ್ಟು ದಪ್ಪ ಇರುತ್ತೆ. ಅದರಿಂದ ತುದಿಗಳು ಸ್ವಲ್ಪ ಜಾಸ್ತಿ ಎಳೆದು ಹಾಳೆಯನ್ನ ಬಿಗಿಯಾಗಿ ಹಿಡಿತವೆ. ರಬ್ಬರ್ ಸವೆದ್ರೆ, ಊದಿಕೊಂಡ್ರೆ ಆ ಬಿಗಿ ಹೋಗಿ ನೆರಿಗೆ ಬೀಳುತ್ತೆ. ಜೊತೆಗೆ ಬೇರೆ ಗುರುತುಗಳೂ ಕಾಣಬಹುದು: ಬೆರಳಲ್ಲಿ ಉಜ್ಜಿದ್ರೆ ಅಕ್ಷರ ಅಳಿಸೋದು, ಒಂದೇ ಕಲೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬೀಳೋದು, ಹಾಳೆ ಹೊರಗೆ ಬರೋ ಕೊನೆಯಲ್ಲಿ ಹಾರ್ಮೋನಿಯಂ ತಿದಿ ಹಾಗೆ ಮಡಚಿ ಸಿಕ್ಕಿಕೊಳ್ಳೋದು.

ಅಲ್ಲಿ ಹಾಳೆ ಸಿಕ್ಕಿದ್ರೆ ಪವರ್ ಆಫ್ ಮಾಡಿ ಅರ್ಧ ಗಂಟೆ ಆರೋಕೆ ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಹಾಳೆ ಹೋಗೋ ದಿಕ್ಕಿಗೇ ನಿಧಾನ ಎಳೀರಿ. ಸ್ಕ್ರೂಡ್ರೈವರ್‌ನಿಂದ ಕೆದಕಬೇಡಿ. ಒಳಗಿನ ತೆಳು ಪದರಕ್ಕೆ ಒಂದು ಗೀರು ಬಿದ್ರೂ ಆ ಗೀರು ಪ್ರತಿ ಹಾಳೆಯಲ್ಲೂ ಕಾಣುತ್ತೆ.

ಅಕ್ಕನ ಪ್ರಿಂಟರ್ ಈಗಲೂ ಅದೇ ಹಳೇ ಫ್ಯೂಸರ್‌ನಲ್ಲಿ ಓಡ್ತಿದೆ. ಹಾಳೆ ಕಟ್ಟು ಮಾತ್ರ ನೆಲದಿಂದ ಎದ್ದು ಮೇಲಿನ ಶೆಲ್ಫ್‌ಗೆ ಹೋಗಿದೆ, ಪ್ಲಾಸ್ಟಿಕ್ ಕವರ್ ಒಳಗೆ. ನಿಮ್ಮ ಹತ್ರ ಯಾರಾದ್ರೂ ಫ್ಯೂಸರ್ ಹಾಕಿಸಿ ಅಂದ್ರೆ, ಹ್ಞೂಂ ಅನ್ನೋಕೆ ಮೊದಲು ಒಂದು ಸ್ಕೇಲ್ ತಗೊಂಡು ಎಡ ಅಂಚು ಅಳೆದು ನೋಡಿ. ಮುಂದಿನ ವಾರ ಸಿಗೋಣ.