‘ಹುಡುಕಿದೆ, ಸಿಗಲಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ: ಸರ್ಚ್ ಬಾಕ್ಸ್‌ಗೆ ಕನ್ನಡ ಕಾಣುವುದು ಹೇಗೆ?

ಹಾವೇರಿ ಜಿಲ್ಲೆಯ ದುಂಡಸಿಯಲ್ಲಿರುವ ಒಬ್ಬರ ಮೊಬೈಲ್‌ಗೆ ‘ಹಿರೇಕೆರೂರು ಕಡೆ ಮಕ್ಕಳ ಕಳ್ಳರು ಇಳಿದಿದ್ದಾರೆ, ಎಲ್ಲರಿಗೂ ತಿಳಿಸಿ’ ಎಂಬ ಸಂದೇಶ ಬಂತು ಅಂದುಕೊಳ್ಳಿ. ಅವರು ಕಣ್ಣು ಮುಚ್ಚಿ ಫಾರ್ವರ್ಡ್ ಮಾಡುವವರಲ್ಲ. ಸುಳ್ಳುಸುದ್ದಿ ಪರಿಶೀಲಿಸುವ ಒಂದು ಕನ್ನಡ ವೆಬ್‌ಸೈಟ್ ತೆರೆದು, ಸರ್ಚ್ ಬಾಕ್ಸ್‌ನಲ್ಲಿ ‘ಹಿರೇಕೆರೂರು’ ಎಂದು ಹುಡುಕುತ್ತಾರೆ. ‘ಯಾವುದೇ ಫಲಿತಾಂಶ ಇಲ್ಲ’ ಎಂದು ಬರುತ್ತದೆ. ‘ಯಾರೂ ಇದನ್ನು ಸುಳ್ಳು ಅಂದಿಲ್ಲ, ಹಾಗಾದರೆ ನಿಜವೇ ಇರಬೇಕು’ ಎಂದುಕೊಂಡು ಸಂದೇಶವನ್ನು ಮುಂದಕ್ಕೆ ಕಳಿಸುತ್ತಾರೆ. ಆದರೆ ಆ ಸಂದೇಶ ಸುಳ್ಳು ಎಂದು ವಿವರಿಸುವ ಲೇಖನ ಅದೇ ಸೈಟ್‌ನಲ್ಲಿತ್ತು!

ಇದು ಸಣ್ಣ ತೊಂದರೆಯಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ಮಕ್ಕಳ ಕಳ್ಳರ ವದಂತಿ ವಾಟ್ಸಾಪ್‌ನಲ್ಲಿ ಹರಡಿ, ಹೈದರಾಬಾದಿನ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಸರಿಯಾದ ಮಾಹಿತಿ ಇದ್ದೂ ಹುಡುಕಿದವರ ಕೈಗೆ ಸಿಗದಿದ್ದರೆ, ಅದು ಇಲ್ಲದಿದ್ದಂತೆಯೇ. ಹಾಗಾದರೆ ಕಣ್ಣಿಗೆ ಕಾಣುವ ಪದ ಸರ್ಚ್ ಬಾಕ್ಸ್‌ಗೆ ಏಕೆ ಕಾಣುವುದಿಲ್ಲ? ನೋಡೋಣ.

ಒಂದೇ ಅಕ್ಷರ, ಎರಡು ರೂಪ

ನಾವು ಅಕ್ಷರಗಳನ್ನು ಆಕಾರ ನೋಡಿ ಗುರುತಿಸುತ್ತೇವೆ. ಕಂಪ್ಯೂಟರ್‌ಗೆ ಆಕಾರ ಗೊತ್ತಿಲ್ಲ, ಅದು ನೋಡುವುದು ಸಂಖ್ಯೆಗಳನ್ನು ಮಾತ್ರ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಒಂದೊಂದು ಸಂಖ್ಯೆ ಇದೆ. ‘ಹಿರೇಕೆರೂರು’ ಎಂಬ ಪದ ಕಂಪ್ಯೂಟರ್ ಒಳಗೆ 10 ಸಂಖ್ಯೆಗಳ ಸಾಲು: ಹ, ಗುಡಿಸು, ರ, ಏತ್ವದ ದೀರ್ಘ, ಕ, ಎತ್ವ, ರ, ಕೊಂಬಿನ ದೀರ್ಘ, ರ, ಕೊಂಬು.

ತೊಡಕು ಇರುವುದು ‘ರೇ’ಯಲ್ಲಿ. ಏತ್ವದ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಇಲ್ಲವೇ ಮೊದಲು ಎತ್ವ, ಆಮೇಲೆ ಪ್ರತ್ಯೇಕ ದೀರ್ಘದ ಗುರುತು ಎಂದು ಎರಡು ಚಿಹ್ನೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಎರಡನೆಯ ರೀತಿಯಲ್ಲಿ ಪದದ ಉದ್ದ 10ರ ಬದಲು 11 ಆಗುತ್ತದೆ. ಸಂಖ್ಯೆಗಳ ಎರಡು ಸಾಲು ಬೇರೆ ಬೇರೆಯಾದ್ದರಿಂದ ಕಂಪ್ಯೂಟರ್ ಲೆಕ್ಕದಲ್ಲಿ ಇವು ಎರಡು ಬೇರೆ ಪದಗಳು. ಕನ್ನಡದಲ್ಲಿ ಹೀಗೆ ಬಿಡಿಸಿ ಬರೆಯಬಹುದಾದ ಸ್ವರ ಚಿಹ್ನೆಗಳು ಐದು: ೀ, ೇ, ೈ, ೊ, ೋ.

ಮೊಬೈಲ್ ಕೀಬೋರ್ಡ್‌ಗಳು ಸಾಮಾನ್ಯವಾಗಿ ಕೂಡಿದ ರೂಪವನ್ನೇ ಕೊಡುತ್ತವೆ. ಬಿಡಿಸಿದ ರೂಪ ಬರುವುದು ಹೆಚ್ಚಾಗಿ ಹಳೆಯ ಬರಹಗಳಿಂದ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ದೀರ್ಘವನ್ನು ಬೇರೆ ಗುರುತಾಗಿ ಜೋಡಿಸುವ ಪದ್ಧತಿ ಇತ್ತು. ಅಂಥ ಬರಹವನ್ನು ಕಾಳಜಿಯಿಲ್ಲದೆ ಯೂನಿಕೋಡ್‌ಗೆ ಬದಲಾಯಿಸಿದರೆ ದೀರ್ಘ ಬೇರೆಯಾಗಿಯೇ ಉಳಿದುಬಿಡುತ್ತದೆ. ನಮ್ಮ ಉದಾಹರಣೆಯಲ್ಲಿ ಆಗಿದ್ದು ಇದೇ: ಲೇಖನದಲ್ಲಿ ಇದ್ದದ್ದು 11 ಚಿಹ್ನೆಯ ಹಿರೇಕೆರೂರು, ಓದುಗರು ಟೈಪ್ ಮಾಡಿದ್ದು 10 ಚಿಹ್ನೆಯದು.

ಕಾಣದ ಚಿಹ್ನೆ, ಸೊನ್ನೆಯ ಮೋಸ

ಇನ್ನೆರಡು ಕಾರಣಗಳಿವೆ. ಮೊದಲನೆಯದು, ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು. ‘ಸೂರ್ಯಗ್ರಹಣ’ ಎಂಬ ಪದದಲ್ಲಿ ಕೆಲವರು ಅರ್ಕಾವತ್ತು ಬರೆಯುತ್ತಾರೆ, ಕೆಲವರು ರ ಅಕ್ಷರದ ಕೆಳಗೆ ಯ ಒತ್ತು ಕೊಟ್ಟು ‘ಸೂರ‍್ಯಗ್ರಹಣ’ ಎಂದು ಬರೆಯುತ್ತಾರೆ. ಉಚ್ಚಾರ ಒಂದೇ, ಅರ್ಥ ಒಂದೇ. ಆದರೆ ಎರಡನೆಯದರ ಒಳಗೆ ಒಂದು ಕಾಣದ ಚಿಹ್ನೆ ಕೂತಿರುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದೂ ಇಂಥದೇ ಇನ್ನೊಂದು ಚಿಹ್ನೆ.

ಎರಡನೆಯದು ಸೊನ್ನೆ. ‘ಶಿಗ್ಗಾಂವ’ ಎಂಬಲ್ಲಿ ಇರಬೇಕಾದದ್ದು ಅನುಸ್ವಾರ. ಅದರ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಹಾಕಿದರೂ ‘ಶಿಗ್ಗಾ೦ವ’ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಓದುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಕಂಪ್ಯೂಟರ್‌ಗೆ ಮಾತ್ರ ಒಂದು ಅಕ್ಷರ, ಇನ್ನೊಂದು ಅಂಕಿ.

ಮೊದಲ ಪರಿಹಾರ: ಎರಡೂ ಕಡೆ ಒಂದೇ ಜರಡಿ

ಇದಕ್ಕೆ ಪರಿಹಾರ ಸರಳ. ಲೇಖನದ ಪದವನ್ನೂ ಓದುಗರು ಟೈಪ್ ಮಾಡಿದ ಪದವನ್ನೂ ಒಂದೇ ಜರಡಿಯಲ್ಲಿ ಹಾಯಿಸಿ, ಆಮೇಲೆ ಹೋಲಿಸಬೇಕು. ಬಿಡಿಸಿದ ಚಿಹ್ನೆಗಳನ್ನು ಕೂಡಿಸುವ ನಿಯಮವನ್ನು ಯೂನಿಕೋಡ್ ತಾನೇ ಕೊಟ್ಟಿದೆ. ಅದರ ಹೆಸರು ಎನ್‌ಎಫ್‌ಸಿ. ಬ್ರೌಸರ್‌ಗಳಲ್ಲಿ ಅದು ಮೊದಲೇ ಇರುತ್ತದೆ. ಆದರೆ ಎನ್‌ಎಫ್‌ಸಿ ಕಾಣದ ಜೋಡಣೆ ಚಿಹ್ನೆಗಳನ್ನು ತೆಗೆಯುವುದಿಲ್ಲ, ಸೊನ್ನೆಯನ್ನೂ ಸರಿಪಡಿಸುವುದಿಲ್ಲ. ‘ನಾರ್ಮಲೈಸ್ ಮಾಡಿದ್ದೇವೆ, ಇನ್ನೆಲ್ಲ ಸರಿ’ ಎಂದು ಸೈಟ್ ನಡೆಸುವವರು ಕೈತೊಳೆದುಕೊಳ್ಳುವಂತಿಲ್ಲ. ಆ ಎರಡು ಕೆಲಸವನ್ನು ನಾವೇ ಸೇರಿಸಬೇಕು:

```js
function hudukuKey(s) {
  return s
    .replace(/[\u200B-\u200D\uFEFF]/g, "")
    .normalize("NFC")
    .replace(/([\u0C85-\u0CCC])\u0CE6/g, "$1\u0C82");
}
```

ಮೊದಲ ಹೆಜ್ಜೆಯಲ್ಲಿ ಕಾಣದ ಚಿಹ್ನೆಗಳು ಹೋಗುತ್ತವೆ. ಎರಡನೆಯದರಲ್ಲಿ ಬಿಡಿ ದೀರ್ಘ ಕೂಡಿಕೊಳ್ಳುತ್ತದೆ. ಮೂರನೆಯದರಲ್ಲಿ ಅಕ್ಷರದ ಹಿಂದೆಯೇ ಬಂದ ಸೊನ್ನೆ ಅನುಸ್ವಾರವಾಗುತ್ತದೆ. ‘೧೦’ ಎಂಬಲ್ಲಿ ಸೊನ್ನೆಗಿಂತ ಮುಂಚೆ ಇರುವುದು ಅಂಕಿ, ಅಕ್ಷರವಲ್ಲ. ಹಾಗಾಗಿ ಅದು ಹತ್ತಾಗಿಯೇ ಉಳಿಯುತ್ತದೆ. ಹೆಜ್ಜೆಗಳ ಕ್ರಮವೂ ಮುಖ್ಯ: ಎತ್ವ ಮತ್ತು ದೀರ್ಘದ ನಡುವೆ ಕಾಣದ ಚಿಹ್ನೆಯೊಂದು ಸಿಕ್ಕಿಕೊಂಡಿದ್ದರೆ ಎನ್‌ಎಫ್‌ಸಿ ಅವನ್ನು ಕೂಡಿಸಲಾರದು. ಅದಕ್ಕೇ ಆ ಚಿಹ್ನೆಯನ್ನು ಮೊದಲು ತೆಗೆಯಬೇಕು.

ಒಂದು ಎಚ್ಚರಿಕೆ: ಹೀಗೆ ಸೋಸಿದ ರೂಪ ಹೋಲಿಕೆಗೆ ಮಾತ್ರ. ಓದುಗರಿಗೆ ತೋರಿಸುವ ಲೇಖನವನ್ನು ಮುಟ್ಟಬಾರದು, ಇಲ್ಲದಿದ್ದರೆ ‘ಸಾಫ್ಟ್‌ವೇರ್’ ಪದದ ವಕಾರ ಒತ್ತಾಗಿ ಕೆಳಗಿಳಿದುಬಿಡುತ್ತದೆ.

ತೊಂದರೆ ಇದೆಯೋ ಇಲ್ಲವೋ ಎಂದು ತಿಳಿಯುವುದೂ ಸುಲಭ. ಲೇಖನದಿಂದ ‘ಹಿರೇಕೆರೂರು’ ಪದವನ್ನು ಕಾಪಿ ಮಾಡಿ, ಕಂಪ್ಯೂಟರ್ ಬ್ರೌಸರ್‌ನ ಕನ್ಸೋಲ್‌ನಲ್ಲಿ `"ಹಿರೇಕೆರೂರು".length` ಎಂದು ಕೊಡಿ. 10 ಬಂದರೆ ಪದ ಸರಿಯಿದೆ. 11 ಬಂದರೆ ಒಳಗೆ ಬಿಡಿ ದೀರ್ಘವೋ ಕಾಣದ ಚಿಹ್ನೆಯೋ ಇದೆ.

ಆದರೆ ಊರಿನ ಹೆಸರನ್ನೇ ಬೇರೆ ಬೇರೆಯಾಗಿ ಬರೆದರೆ?

ಇಲ್ಲಿಂದ ಮುಂದೆ ಯೂನಿಕೋಡ್ ಸಹಾಯಕ್ಕೆ ಬರುವುದಿಲ್ಲ. ದುಂಡಸಿಯನ್ನು ಕೆಲವರು ದುಂಡಶಿ ಎಂದು ಬರೆಯುತ್ತಾರೆ. ಅದರ ತಾಲೂಕು ಕೇಂದ್ರ ಒಬ್ಬರಿಗೆ ಶಿಗ್ಗಾಂವ, ಇನ್ನೊಬ್ಬರಿಗೆ ಶಿಗ್ಗಾವಿ, ಮತ್ತೊಬ್ಬರಿಗೆ ಶಿಗ್ಗಾಂವಿ. ಸವಣೂರು ಆ ಕಡೆಯ ಬರಹಗಳಲ್ಲಿ ಸವಣೂರ ಆಗುತ್ತದೆ, ಹಾನಗಲ್ ಎನ್ನುವುದು ಹಾನಗಲ್ಲ ಆಗುತ್ತದೆ. ಅದೇ ತಾಲೂಕಿನ ಸಂತ ಕವಿ ಶಿಶುನಾಳ ಶರೀಫರ ಹೆಸರಿನಲ್ಲಿ ಶ ಬರೆಯುವವರೂ ಇದ್ದಾರೆ, ಷ ಬರೆಯುವವರೂ ಇದ್ದಾರೆ. ಇವು ಯಾವುವೂ ಯಂತ್ರದ ದೋಷವಲ್ಲ, ಜನರ ರೂಢಿ.

‘ಹಾಗಾದರೆ ಶ, ಷ, ಸ ಮೂರನ್ನೂ ಒಂದೇ ಎಂದುಕೊಳ್ಳಿ, ಮಹಾಪ್ರಾಣ ಬಿಟ್ಟುಬಿಡಿ, ಳ ಇದ್ದಲ್ಲಿ ಲ ಅಂದುಕೊಳ್ಳಿ’ ಎಂದು ಸುಲಭದ ಉಪಾಯ ಹೇಳುವವರಿದ್ದಾರೆ. ಮಾಡಿ ನೋಡಿದರೆ ಏನಾಗುತ್ತದೆ? ಶಾಲು ಹುಡುಕಿದವರಿಗೆ ಸಾಲು ಸಿಗುತ್ತದೆ. ಧನ ಕೇಳಿದವರಿಗೆ ದನ ಬರುತ್ತದೆ. ಹಾಲಿನ ಬಗ್ಗೆ ಓದಲು ಬಂದವರ ಮುಂದೆ ಹಾಳಾದದ್ದೆಲ್ಲ ಬಂದು ನಿಲ್ಲುತ್ತದೆ.

ಆದ್ದರಿಂದ ಇದನ್ನು ಮೂರು ಸುತ್ತಿನಲ್ಲಿ ಮಾಡುವುದು ಒಳ್ಳೆಯದು. ಮೊದಲ ಸುತ್ತಿನಲ್ಲಿ, ಜರಡಿ ಹಿಡಿದ ಪದ ಸರಿಯಾಗಿ ಹೊಂದಿದರೆ ಆ ಲೇಖನ ಎಲ್ಲಕ್ಕಿಂತ ಮೇಲೆ ಬರಲಿ. ಎರಡನೆಯ ಸುತ್ತಿನಲ್ಲಿ ಊರು ಮತ್ತು ವ್ಯಕ್ತಿಗಳ ಹೆಸರಿಗೆ ಕೈಯಿಂದ ಮಾಡಿದ ಪಟ್ಟಿ ಬಳಸಲಿ: ದುಂಡಸಿ ಮತ್ತು ದುಂಡಶಿ ಒಂದೇ, ಶಿಗ್ಗಾಂವ, ಶಿಗ್ಗಾವಿ, ಶಿಗ್ಗಾಂವಿ ಒಂದೇ. ಒಂದು ಜಿಲ್ಲೆಯ ಊರುಗಳನ್ನು ಬಲ್ಲವರು ಕೂತು ಬರೆದರೆ ಆಗುವ ಕೆಲಸ ಇದು. ಮೂರನೆಯ ಸುತ್ತಿನಲ್ಲಿ, ಇನ್ನೂ ಏನೂ ಸಿಗದಿದ್ದಾಗ ಮಾತ್ರ, ಶ-ಷ-ಸ ಸಡಿಲಿಸಿ ಸಿಕ್ಕಿದ್ದನ್ನು ‘ನೀವು ಹುಡುಕಿದ್ದು ಇದೇ?’ ಎಂದು ಕೇಳಿ ತೋರಿಸಲಿ.

ಪದದ ಕೊನೆಗೂ ಒಂದು ಉಪಾಯವಿದೆ. ‘ಸವಣೂರು’ ಹುಡುಕಿದಾಗ ಕೊನೆಯ ಕೊಂಬನ್ನು ಬಿಟ್ಟು, ‘ಸವಣೂರ’ ಎಂದು ಶುರುವಾಗುವ ಎಲ್ಲ ಪದಗಳನ್ನೂ ನೋಡಬೇಕು. ಆಗ ಸವಣೂರ ಸಿಗುತ್ತದೆ, ಸವಣೂರಿನಲ್ಲಿ, ಸವಣೂರಿಗೆ ಎಂಬವೂ ಸಿಗುತ್ತವೆ. ಕನ್ನಡದಲ್ಲಿ ಊರಿನ ಹೆಸರಿಗೆ ವಿಭಕ್ತಿ ಪ್ರತ್ಯಯ ಅಂಟಿಕೊಂಡೇ ಬರುವುದರಿಂದ ಈ ಒಂದು ಹೆಜ್ಜೆ ಬಿಟ್ಟರೆ ಬಹಳಷ್ಟು ಲೇಖನಗಳು ತಪ್ಪಿಹೋಗುತ್ತವೆ.

ಜರಡಿ ಹಿಡಿದರೂ ಸಿಗದ ಒಂದು ಬಗೆಯ ಬರಹವಿದೆ. ಹಳೆಯ ನುಡಿ ಫಾಂಟ್‌ನ ಪಿಡಿಎಫ್‌ನಿಂದ ‘ಕನ್ನಡ’ ಪದವನ್ನು ಕಾಪಿ ಮಾಡಿದರೆ `PÀ£ÀßqÀ` ಎಂದು ಬರುತ್ತದೆ. ಅದರ ಒಳಗೆ ಕನ್ನಡವೇ ಇಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿದೆ ಅಷ್ಟೆ. ಅಂಥದ್ದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ.

ಸೈಟ್ ಸರಿಯಾಗುವವರೆಗೆ ನೀವೇನು ಮಾಡಬಹುದು?

ಸಿಗಲಿಲ್ಲ ಎಂದು ಬಂದಾಗ ಒಂದೇ ಪದಕ್ಕೆ ನಿಲ್ಲಿಸಬೇಡಿ. ೀ, ೇ, ೈ, ೊ, ೋ ಇಲ್ಲದ, ಅರ್ಕಾವತ್ತೂ ಸೊನ್ನೆಯೂ ಇಲ್ಲದ ಪದವನ್ನು ಆರಿಸಿಕೊಳ್ಳಿ. ‘ಹಿರೇಕೆರೂರು’ ಬದಲು ‘ಮಕ್ಕಳ’ ಎಂದು ಹುಡುಕಿ. ಆ ಪದವನ್ನು ಎರಡು ರೀತಿಯಲ್ಲಿ ಬರೆಯಲು ಬರುವುದಿಲ್ಲ. ಊರಿನ ಹೆಸರೇ ಬೇಕಾದರೆ ಅದರ ಮುಂಭಾಗ ಮಾತ್ರ, ಉದಾಹರಣೆಗೆ ‘ದುಂಡ’ ಎಂದು ಹಾಕಿ ನೋಡಿ. ಪದದ ತುಣುಕನ್ನು ಹುಡುಕುವ ಸೈಟ್‌ಗಳಲ್ಲಿ ಇದು ಕೆಲಸ ಮಾಡುತ್ತದೆ. ಸ ಹಾಕಿದಾಗ ಸಿಗದಿದ್ದರೆ ಶ ಹಾಕಿ. ಇಷ್ಟಾದರೂ ಏನೂ ಬರಲಿಲ್ಲವೆಂದರೆ, ಸಂದೇಶ ನಿಜ ಎಂದು ಅದರ ಅರ್ಥವಲ್ಲ. ನಿಮಗೆ ಉತ್ತರ ಇನ್ನೂ ಸಿಕ್ಕಿಲ್ಲ, ಅಷ್ಟೇ. ಅಲ್ಲಿಯವರೆಗೆ ಫಾರ್ವರ್ಡ್ ಬಟನ್ ಒತ್ತಬೇಡಿ.