ಪ್ರಶ್ನೆಯೊಳಗಿನ ಪ್ರಶ್ನೆ

ನೆರೆಮನೆಯ ಹುಡುಗನೊಬ್ಬ ಪರವೂರಿನ ವಿದ್ಯಾರ್ಥಿನಿಲಯಕ್ಕೆ ಇಂಗ್ಲಿಷಿನಲ್ಲಿ ಕಾಗದ ಬರೆದು, ಅಂಚೆಗೆ ಹಾಕುವ ಮೊದಲು ನನಗೆ ತೋರಿಸಿದ. ಅದರಲ್ಲಿ ಎರಡೇ ವಾಕ್ಯಗಳು: 'ಐ ವಿಶ್ ಟು ನೋ ವೆನ್ ಡಸ್ ದಿ ಹಾಸ್ಟೆಲ್ ಓಪನ್? ಪ್ಲೀಸ್ ಟೆಲ್ ಮಿ ಈಸ್ ಎ ರೂಮ್ ವೇಕೆಂಟ್?' ಪದಗಳೆಲ್ಲ ಸರಿಯಾಗಿಯೇ ಇವೆ. ತಪ್ಪಿರುವುದು ಅವುಗಳ ಸಾಲಿನಲ್ಲಿ.

ಈ ತಪ್ಪಿನ ಮೂಲ ನಮ್ಮ ಮಾತಿನಲ್ಲಿದೆ. 'ಹಾಸ್ಟೆಲ್ ಯಾವಾಗ ತೆರೆಯುತ್ತದೆ?' ಎಂಬ ಪ್ರಶ್ನೆಯನ್ನು ನಾವು ಹಾಗೆಯೇ ಎತ್ತಿಕೊಂಡು 'ಹಾಸ್ಟೆಲ್ ಯಾವಾಗ ತೆರೆಯುತ್ತದೆಂದು ತಿಳಿಸಿ' ಎನ್ನುತ್ತೇವೆ. ಒಳಗೆ ಒಂದು ಪದವೂ ಕದಲುವುದಿಲ್ಲ. ಇಂಗ್ಲಿಷಿನ ರೀತಿ ಬೇರೆ. ಅಲ್ಲಿ ನೇರವಾಗಿ ಪ್ರಶ್ನೆ ಕೇಳುವಾಗ 'ಈಸ್', 'ಡಸ್', 'ಕೆನ್' ಮೊದಲಾದ ಸಹಾಯಕ ಪದಗಳು ಕರ್ತೃವಿನ ಮುಂದಕ್ಕೆ ಬರುತ್ತವೆ. ಆ ಪ್ರಶ್ನೆ ಇನ್ನೊಂದು ವಾಕ್ಯದ ಒಡಲು ಸೇರಿದೊಡನೆ ಅವು ಹಿಂದಿರುಗಬೇಕು. ಸಾಲು ಹೇಳಿಕೆಯ ಸಾಲಾಗಬೇಕು.

ಹುಡುಗನ ಮೊದಲ ವಾಕ್ಯವನ್ನೇ ತಿದ್ದಿ ನೋಡೋಣ. 'ಡಸ್' ಎಂಬುದು ಪ್ರಶ್ನೆಗಾಗಿ ಬಂದ ಪದ. ಅದರ ಕೆಲಸ ಮುಗಿಯಿತು, ಹೊರಟುಹೋಗಲಿ. ಆದರೆ ಅದು ಹೊತ್ತಿದ್ದ ಕೊನೆಯ 'ಸ್' ಈಗ ಕ್ರಿಯಾಪದಕ್ಕೆ ಸೇರಬೇಕು: 'ಐ ವಿಶ್ ಟು ನೋ ವೆನ್ ದಿ ಹಾಸ್ಟೆಲ್ ಓಪನ್ಸ್.' ಹಾಗೆಯೇ 'ಡಿಡ್' ಹೋದರೆ ಭೂತಕಾಲ ಕ್ರಿಯಾಪದಕ್ಕೆ ಬರುತ್ತದೆ: 'ವೆನ್ ಡಿಡ್ ಇಟ್ ಓಪನ್' ಎಂಬುದು 'ವೆನ್ ಇಟ್ ಓಪನ್ಡ್' ಆಗುತ್ತದೆ.

ಎರಡನೆಯ ವಾಕ್ಯ ಹೌದು–ಇಲ್ಲ ಎಂಬ ಉತ್ತರ ಬೇಡುವಂಥದು; ಅದರಲ್ಲಿ 'ವೆನ್', 'ವೇರ್'ಗಳಂತಹ ಕೊಂಡಿ ಇಲ್ಲ. ಅಂಥಲ್ಲಿ 'ವೆದರ್' ಅಥವಾ 'ಇಫ್' ಎಂಬ ಕೊಂಡಿಯನ್ನು ನಾವೇ ಹಾಕಬೇಕು: 'ಪ್ಲೀಸ್ ಟೆಲ್ ಮಿ ವೆದರ್ ಎ ರೂಮ್ ಈಸ್ ವೇಕೆಂಟ್.' ನಮ್ಮ 'ಇದೆಯೋ ಇಲ್ಲವೋ' ಎಂಬುದರ ಕೆಲಸವನ್ನು ಅಲ್ಲಿ ಈ ಪದ ಮಾಡುತ್ತದೆ.

ಬರೆದುದು ಸರಿಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಕೊಂಡಿಪದದವರೆಗೆ ಬೆರಳಿನಿಂದ ಮುಚ್ಚಿ ಉಳಿದುದನ್ನು ಓದಿರಿ. 'ದಿ ಹಾಸ್ಟೆಲ್ ಓಪನ್ಸ್' ಎಂಬುದು ಹೇಳಿಕೆಯ ಸಾಲು, ಸರಿ. 'ಡಸ್ ದಿ ಹಾಸ್ಟೆಲ್ ಓಪನ್' ಎಂಬುದು ಇನ್ನೂ ಪ್ರಶ್ನೆಯೇ, ತಪ್ಪು. 'ಹು ಕೇಮ್?' ಎಂಬಲ್ಲಿ ಮಾತ್ರ ಪ್ರಶ್ನಪದವೇ ಕರ್ತೃವಾದುದರಿಂದ ಸಾಲು ಮೊದಲೇ ಹೇಳಿಕೆಯಂತಿದೆ. 'ಐ ನೋ ಹು ಕೇಮ್' ಎನ್ನುವಾಗ ಏನನ್ನೂ ಬದಲಿಸಬೇಕಾಗಿಲ್ಲ.

ಇನ್ನು ಪ್ರಶ್ನಾರ್ಥಕ ಚಿಹ್ನೆ. ಅದನ್ನು ನಿರ್ಧರಿಸುವುದು ಹೊರಗಿನ ವಾಕ್ಯ. 'ಐ ವಿಶ್ ಟು ನೋ' ಎಂದು ತೊಡಗಿದರೆ ಕೊನೆಗೆ ಪೂರ್ಣವಿರಾಮ ಸಾಕು. 'ಕೆನ್ ಯು ಟೆಲ್ ಮಿ' ಎಂದು ತೊಡಗಿದರೆ ಚಿಹ್ನೆ ಬೇಕು. ಆಗಲೂ ಒಳಗಿನ ಸಾಲು ಹೇಳಿಕೆಯದೇ.

ಹುಡುಗ ಕಾಗದವನ್ನು ಮತ್ತೆ ಬರೆದ. ಈ ಸಲ ಪರೀಕ್ಷೆಗೆ ಬೆರಳಿಟ್ಟವನು ಅವನೇ.